ಫೋನು ಯಾರ ಕೈಯಲ್ಲಿತ್ತು

ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಮೈಸೂರಿಗೆ ಫೋನ್ ಮಾಡುವುದು ನಾವು ಅಮೇರಿಕಾದ ಕೊಲಂಬಿಯಾದಲ್ಲಿ ಮನೆ ಮಾಡಿದ ಲಾಗಾಯ್ತಿನಿಂದ ನಡೆದುಬಂದ ಪದ್ಧತಿ. ಅಲ್ಲಿ ಆಗ ರಾತ್ರಿ. ಅಮ್ಮ ಸಾರಿಗೆ ಒಗ್ಗರಣೆ ಹಾಕಿ, ಕೈ ಒರೆಸಿಕೊಂಡು, ತನ್ನ ಗುಂಡಿ ಒತ್ತುವ ಪುಟ್ಟ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ನಾವು ಇಲ್ಲಿನ ಕನ್ನಡದವರೆಲ್ಲ ಆಗ ಬಳಸುತ್ತಿದ್ದುದು ಇಂಡಿಯಾಕ್ಕೆ ಅಗ್ಗವಾಗಿ ಕರೆ ಹಾಕಿಕೊಡುವ ಒಂದು ಸೇವೆ. ಮೊದಲು ಅವರ ಇಲ್ಲಿನ ನಂಬರಿಗೆ ಮಾಡಬೇಕು, ಅವರು ಅಲ್ಲಿಗೆ ದಾಟಿಸುತ್ತಿದ್ದರು. ಯಾವ ದಾರಿಯಲ್ಲಿ ದಾಟಿಸುತ್ತಿದ್ದರೋ ದೇವರಿಗೇ ಗೊತ್ತು. ಅಮ್ಮನ ಫೋನಿನಲ್ಲಿ ಕಾಣಿಸುತ್ತಿದ್ದುದು ನನ್ನ ನಂಬರಲ್ಲ. ಒಂದು ವಾರ ಮುಂಬಯಿಯ ನಂಬರಿನ ಹಾಗಿರುತ್ತಿತ್ತು, ಇನ್ನೊಂದು ವಾರ ಇನ್ನೆಲ್ಲಿಯದೋ.

"ಗೊತ್ತಿಲ್ಲದ ನಂಬರ್ ಬಂದ್ರೆ ನೀನೇ ಅಂತ ಲೆಕ್ಕ. ಗೊತ್ತಿರೋರು ಮಾಡಿದ್ರೆ ಎತ್ತೋದೇ ಇಲ್ಲ, ನಿನ್ನ ಕಾಲ್ ತಪ್ಪಿ ಹೋಗತ್ತೆ ಅಂತ," ಎಂದು ಅಮ್ಮ ನಗುತ್ತಿದ್ದಳು.

ಒಂದು ಜನವರಿಯ ಶನಿವಾರ ಹೀಗೇ ಮಾತಾಡಿ ಇಟ್ಟೆ. ಮರುದಿನ ತಮ್ಮನ ಹೆಂಡತಿ ಅಳುತ್ತಾ ಫೋನ್ ಮಾಡಿದಳು. ಹಿಂದಿನ ರಾತ್ರಿ ಎದುರುಮನೆಯವನ ಕೈ ಮುರಿದಿದೆ, ಒಂಬತ್ತರ ಸುಮಾರಿಗೆ ನಿಮ್ಮ ತಮ್ಮನೇ ದೊಣ್ಣೆಯಲ್ಲಿ ಹೊಡೆದ ಅಂತ ಅವನು ಪೊಲೀಸರಿಗೆ ಬರೆದುಕೊಟ್ಟಿದ್ದಾನೆ ಎಂದಳು. ತಾನು ಆವತ್ತು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ, ಮನೆಯಲ್ಲಿ ಅತ್ತೆ ಮತ್ತು ಅವರು ಇಬ್ಬರೇ ಇದ್ದರು ಎಂದೂ ಹೇಳಿದಳು.

ಎದುರುಮನೆಯವನಿಗೂ ತಮ್ಮನಿಗೂ ಗೇಟಿನ ಮುಂದೆ ಕಾರು ನಿಲ್ಲಿಸುವ ವಿಷಯಕ್ಕೆ ವರ್ಷಗಟ್ಟಲೆ ಜಗಳವಿತ್ತು. ಅವನು ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಊರಿಗೆ ಹೋಗಿಬಿಡುತ್ತಿದ್ದ. ತಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲಿ ದನಿ ಎತ್ತಿದವನಲ್ಲ, ಆದರೆ ಬೀದಿಯಲ್ಲಿ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ನನಗೂ ಅಷ್ಟೇ. ಅದು ನಮ್ಮಪ್ಪನ ಆಸ್ತಿ, ಇಬ್ಬರಿಗೂ ಸಮವಾಗಿ ಬಂದಿದೆ.

ತಮ್ಮ ಪೊಲೀಸರಿಗೆ ಹೇಳಿದ್ದು ಒಂದೇ ಮಾತು. "ಆ ಹೊತ್ತಿಗೆ ನಾನು ಮನೆಯೊಳಗೆ ಅಮೇರಿಕಾದಲ್ಲಿರೋ ಅಕ್ಕನ ಜೊತೆ ಫೋನಲ್ಲಿದ್ದೆ."

ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಷ್ಟು ಸಮಾಧಾನ ಮತ್ತೆ ಆ ಕೇಸಿನಲ್ಲಿ ಯಾವತ್ತೂ ಆಗಲಿಲ್ಲ. ಸರಿ, ಮುಗಿಯಿತಲ್ಲ, ಫೋನ್ ಕಂಪನಿಯಲ್ಲಿ ದಾಖಲೆ ಇರುತ್ತದೆ, ತೋರಿಸಿದರಾಯಿತು ಅಂದುಕೊಂಡೆ. ನನ್ನ ಕೆಲಸವೂ ಹಾಗೆ ಯೋಚಿಸುವುದನ್ನೇ ಕಲಿಸಿತ್ತು. ಜರ್ಮನ್‌ಟೌನಿನ ಒಂದು ಲ್ಯಾಬಿನಲ್ಲಿ ಗುಣಮಟ್ಟ ನೋಡಿಕೊಳ್ಳುವ ವಿಭಾಗ ನನ್ನದು. ಅಲ್ಲಿ ತಕ್ಕಡಿಗೂ ಒಂದು ಸರ್ಟಿಫಿಕೇಟು, ಫ್ರಿಜ್ಜಿಗೂ ಒಂದು ಸರ್ಟಿಫಿಕೇಟು. ಸರ್ಟಿಫಿಕೇಟಿಲ್ಲದ ಯಂತ್ರದಿಂದ ಬಂದ ಅಂಕಿಯನ್ನು ನಾನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದೆ. ಹುಡುಗರು ಬೆನ್ನ ಹಿಂದೆ ಬೈದುಕೊಳ್ಳುತ್ತಿದ್ದರು.

ತಮ್ಮನ ವಕೀಲರು ಕೋರ್ಟಿನ ಹತ್ತಿರದ ಗಲ್ಲಿಯಲ್ಲಿ ಆಫೀಸು ಇಟ್ಟುಕೊಂಡಿದ್ದ ನಿಧಾನದ ಮನುಷ್ಯ. ಮೊದಲ ಸಲ ಫೋನಿನಲ್ಲಿ ಮಾತಾಡಿದಾಗಲೇ ನನ್ನ ಸಮಾಧಾನಕ್ಕೆ ತಣ್ಣೀರು ಎರಚಿದರು.

"ಮೇಡಂ, ತಪ್ಪಿಸ್ಕೊಳ್ಳೋಕಾಗದ ಎರಡು ಕೆಲಸ ಇದೆ. ಒಂದು, ನಿಮ್ಮ ತಾಯಿಯವರ ಸಿಮ್ಮಿನ ಕಾಲ್ ರೆಕಾರ್ಡು. ಕಂಪನಿಯವರು ವರ್ಷದ ಮೇಲೆ ಇಟ್ಕೊಳ್ತಾರೆ ಅನ್ನೋ ಭರವಸೆ ಇಲ್ಲ, ಅಳಿಸಬೇಡಿ ಅಂತ ಈಗಲೇ ಕೋರ್ಟಿಂದ ಆದೇಶ ತಗೊಳ್ತೀನಿ. ಎರಡು, ಆ ಕಡೆ ನಿಮ್ಮ ಹತ್ರ ಏನಿದೆ ಅದು. ಎರಡಕ್ಕೂ 65ಬಿ ಸರ್ಟಿಫಿಕೇಟ್ ಬೇಕು."

"ಹಾಗಂದ್ರೇನು ಸಾರ್?"

"ಕಂಪ್ಯೂಟರಿಂದ ತೆಗೆದ ಕಾಗದ ಕೋರ್ಟಿಗೆ ಮೂಲ ದಾಖಲೆ ಅಲ್ಲ ಮೇಡಂ, ನಕಲು. ಮೂಲ ಯಂತ್ರಾನೇ ತಂದು ಮುಂದಿಟ್ಟು, ಅದರ ಯಜಮಾನ ಸಾಕ್ಷಿ ಹೇಳಿದ್ರೆ ಬೇರೆ ಮಾತು. ಇಲ್ಲಾಂದ್ರೆ, ಆ ಯಂತ್ರ ಯಾರ ಸುಪರ್ದಿನಲ್ಲಿದೆಯೋ ಅವರು ಸೈನ್ ಹಾಕಿ ಹೇಳ್ಬೇಕು. ಇಂಥ ಯಂತ್ರದಿಂದ, ಹೀಗೆ ತೆಗೆದದ್ದು, ಆ ಸಮಯದಲ್ಲಿ ಯಂತ್ರ ಸರಿಯಾಗಿ ಕೆಲಸ ಮಾಡ್ತಿತ್ತು, ದಿನಾ ಬಳಸ್ತಿದ್ದದ್ದೇ ಅಂತ. ಆ ಸೈನ್ ಇಲ್ದೆ ಹೋದ್ರೆ ಕಾಗದ ಓದೋದೇ ಇಲ್ಲ."

ಇದು ನನಗೆ ಹೊಸದಲ್ಲ ಅನ್ನಿಸಿತು. ನನ್ನ ಲ್ಯಾಬಿನ ನಿಯಮವೇ ಕರಿ ಕೋಟು ಹಾಕಿಕೊಂಡು ಬಂದ ಹಾಗಿತ್ತು. ನಿಯಮ ಸರಿಯಾಗೇ ಇದೆ ಎಂದು ನಾನು ವಕೀಲರಿಗೇ ಸರ್ಟಿಫಿಕೇಟು ಕೊಟ್ಟೆ.

ಅಮ್ಮನ ಸಿಮ್ಮಿನ ಕಂಪನಿ ಕೋರ್ಟಿನ ಆದೇಶಕ್ಕೆ ತಲೆಬಾಗಿ ದಾಖಲೆ ಕಾದಿಟ್ಟಿತು. ಕೊಸರಾಡಿದ್ದು ಈ ಕಡೆಯದು. ನನ್ನ ಕರೆಯ ಸೇವೆಯವರ ವೆಬ್‌ಸೈಟಿನಲ್ಲಿ ನನ್ನ ಖಾತೆ ತೆರೆದರೆ ಆ ಶನಿವಾರದ ಕರೆ ಇತ್ತು. ಅಮ್ಮನ ನಂಬರು, ಶುರುವಾದ ಹೊತ್ತು, ನಲವತ್ತೊಂದು ನಿಮಿಷ, ಎಲ್ಲ ಇತ್ತು. ಕೂಡಲೇ ನಮ್ಮ ಮನೆಯ ಲ್ಯಾಪ್‌ಟಾಪಿನಿಂದ ಪ್ರಿಂಟ್ ತೆಗೆದೆ. ಆಮೇಲೆ ಕಂಪನಿಗೆ ಫೋನ್ ಮಾಡಿ, ಈ ಪುಟ ನಿಮ್ಮದೇ ಎಂದು ಒಬ್ಬರು ಸಹಿ ಹಾಕಿಕೊಡಿ ಎಂದೆ.

ಫೋನ್ ಎತ್ತಿದ ಹುಡುಗಿ ತುಂಬ ಸಂಭಾವಿತೆ. "ಪಿಡಿಎಫ್ ಕಳಿಸ್ತೀವಿ" ಎಂದಳು. ಪಿಡಿಎಫ್ ಬೇಡ ತಾಯಿ, ಸಹಿ ಬೇಕು ಎಂದೆ. ಅವಳು ಮೇಲಿನವರಿಗೆ ದಾಟಿಸಿದಳು. ಅವರು ಅವರ ಕಾನೂನು ವಿಭಾಗಕ್ಕೆ ಬರೆಯಿರಿ ಎಂದರು. ಕಾನೂನು ವಿಭಾಗ ಬಹಳ ದಿನ ಬಿಟ್ಟು ಉತ್ತರ ಕೊಟ್ಟಿತು. ದಾಖಲೆಗೆ ಪ್ರಮಾಣಪತ್ರ ಕೊಡುವುದು ಅಮೇರಿಕಾದ ಕೋರ್ಟು ಸಮನ್ಸ್ ಕಳಿಸಿದರೆ ಮಾತ್ರ ಎಂದು. ಮೈಸೂರಿನ ಮ್ಯಾಜಿಸ್ಟ್ರೇಟರಿಗೆ ಅಮೇರಿಕಾದ ಸಮನ್ಸ್ ಎಲ್ಲಿಂದ ಬರಬೇಕು? ಎರಡು ಸರ್ಕಾರಗಳ ನಡುವೆ ಕಾಗದ ಓಡಾಡುವ ದಾರಿ ಒಂದಿದೆ, ಆದರೆ ಬೀದಿ ಜಗಳದ ಕೇಸಿಗೆ ಆ ದಾರಿಯನ್ನು ಯಾರೂ ತೆರೆಯುವುದಿಲ್ಲ ಎಂದು ನಮ್ಮ ವಕೀಲರು ಹೇಳಿದರು. ನಾನು ಮತ್ತೆ ಬರೆದೆ. ಅಷ್ಟರಲ್ಲಿ ಆ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿಹಾಕಿತ್ತು. ನುಂಗಿದವರು ನನ್ನ ಪತ್ರಕ್ಕೆ, ನಿಮ್ಮ ಪ್ರಶ್ನೆ ನಮಗೆ ಮುಖ್ಯ ಎಂದು ಉತ್ತರಿಸಿ ಸುಮ್ಮನಾದರು.

ನನ್ನ ಗಂಡ ಸಮಾಧಾನ ಹೇಳಲು ಬಂದು ನನ್ನಿಂದ ಉಗಿಸಿಕೊಂಡರು. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು, "ಅಮ್ಮಾ, ಸ್ಕ್ರೀನ್‌ಶಾಟ್ ಕಳಿಸು, ಅಷ್ಟೇ. ಯಾಕೆ ಸೋ ಕಾಂಪ್ಲಿಕೇಟೆಡ್?" ಎಂದಳು. ಸ್ಕ್ರೀನ್‌ಶಾಟನ್ನು ಹತ್ತು ನಿಮಿಷದಲ್ಲಿ ನೀನೇ ಬೇಕಾದ ಹಾಗೆ ತಿದ್ದಬಲ್ಲೆ, ಅದಕ್ಕೇ ಕಣೇ ಎಂದೆ. ಅವಳು, "ಟ್ರೂ," ಎಂದು ಒಪ್ಪಿಕೊಂಡಳು.

ಈ ನಡುವೆ ಅಮ್ಮ ತೀರಿಕೊಂಡಳು. ಹೃದಯ ಸುಸ್ತಾಗಿತ್ತು, ಎರಡೇ ದಿನ ಆಸ್ಪತ್ರೆಯಲ್ಲಿದ್ದಳು. ಆ ರಾತ್ರಿಯ ಕರೆಯಲ್ಲಿದ್ದ ಮೂರನೆಯ ದನಿ ಅವಳದು. ಕೋರ್ಟಿನಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಕೇಸು ಇನ್ನೂ ಎದುರು ಕಡೆಯವರ ಸಾಕ್ಷಿಯಲ್ಲೇ ತೆವಳುತ್ತಿತ್ತು. ತಿಥಿಗೆ ಹೋದಾಗ ಅವಳ ಪುಟ್ಟ ಫೋನು ದೇವರ ಮನೆಯ ಕಪಾಟಿನಲ್ಲಿತ್ತು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಕಳಚಿಕೊಂಡಿತ್ತು. ಅದನ್ನು ನೋಡಿ ನಾನು ಅತ್ತೆ. ಅಮ್ಮನಿಗಾಗಿ ಅತ್ತೆನೋ ಕೇಸಿಗಾಗಿ ಅತ್ತೆನೋ ಬೇರ್ಪಡಿಸಿ ಹೇಳಲಾರೆ, ಇದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ನನ್ನ ಸಾಕ್ಷಿಯ ಸರದಿ ಬಂದದ್ದು 2018ರಲ್ಲಿ. ರಜೆ ಹಾಕಿ ಮೈಸೂರಿಗೆ ಹೋದೆ. ಹಿಂದಿನ ದಿನ ವಕೀಲರ ಆಫೀಸಿನಲ್ಲಿ ಕೂತಿದ್ದೆವು. ತಮ್ಮ ಹೊರಗೆ ಬೈಕಿನ ಮೇಲೆ ಕೂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ.

"ನಿಮ್ಮ ಪುಟಕ್ಕೆ ದಾರಿ ಸಿಕ್ಕಿದೆ ಮೇಡಂ," ಎಂದರು ವಕೀಲರು. "ನಿಮ್ಮ ಸುಪರ್ದಿನಲ್ಲಿಲ್ಲದ ಯಂತ್ರಕ್ಕೆ ನಿಮ್ಮಿಂದ ಸರ್ಟಿಫಿಕೇಟ್ ಕೇಳೋ ಹಾಗಿಲ್ಲ ಅಂತ ಈಚೆಗೆ ಸುಪ್ರೀಂ ಕೋರ್ಟು ಹೇಳಿದೆ. ಕಂಪನಿ ಸರ್ವರ್ ನಿಮ್ಮ ಕೈಲಿಲ್ಲ. ನಿಮ್ಮ ಲ್ಯಾಪ್‌ಟಾಪ್ ನಿಮ್ಮ ಕೈಲಿದೆ. ಅದಕ್ಕೆ ನೀವು ಸೈನ್ ಹಾಕಿ, ಮಿಕ್ಕಿದ್ದು ನಾನು ವಾದ ಮಾಡ್ತೀನಿ."

ಆ ಸಡಿಲಿಕೆಯನ್ನು ಸುಪ್ರೀಂ ಕೋರ್ಟು ಎರಡು ವರ್ಷದ ಮೇಲೆ ಮತ್ತೆ ಬಿಗಿ ಮಾಡಿತೆಂದು ಆಮೇಲೆ ಕೇಳಿದೆ. ನಮ್ಮ ಸರದಿ ಬಂದಾಗ ಬಾಗಿಲು ತೆರೆದಿತ್ತು, ಅಷ್ಟೇ.

ಅವರು ಬೆರಳಚ್ಚು ಮಾಡಿಸಿಟ್ಟಿದ್ದ ಸರ್ಟಿಫಿಕೇಟನ್ನು ನಾನು ನನ್ನ ಲ್ಯಾಬಿನ ಕಾಗದ ಓದುವ ಹಾಗೆ ಓದಿದೆ. ಲ್ಯಾಪ್‌ಟಾಪಿನ ಕ್ರಮಸಂಖ್ಯೆ ನಾನು ಕಳಿಸಿದ್ದು, ಸರಿಯಾಗಿತ್ತು. "ಸದರಿ ಅವಧಿಯುದ್ದಕ್ಕೂ ಕಂಪ್ಯೂಟರ್ ಸುಸ್ಥಿತಿಯಲ್ಲಿತ್ತು" ಎಂಬಲ್ಲಿ ನಿಂತೆ. ಒಂದು ಸಲ ಅದಕ್ಕೆ ವೈರಸ್ ಹಿಡಿದು ಅಂಗಡಿಗೆ ಹೋಗಿತ್ತು, ಯಾವಾಗ ಅಂತ ನೋಡಬೇಕು ಎಂದೆ. ವಕೀಲರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೊನೆಗೆ ಅದು ಪ್ರಿಂಟ್ ತೆಗೆಯುವುದಕ್ಕಿಂತ ಮುಂಚಿನ ವರ್ಷದ ರಿಪೇರಿ ಎಂದು ಗಂಡನಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡ ಮೇಲೆಯೇ ಸಹಿ ಹಾಕಿದ್ದು.

ಸಹಿ ಹಾಕುವಾಗ ಮೇಜಿನ ಮೇಲೆ ಕೇಸಿನ ಕಡತ ತೆರೆದಿತ್ತು. ಪೊಲೀಸರು ಹಾಕಿದ ಕಾಗದಗಳ ನಡುವೆ ಒಂದು ಫೋನಿನ ಪರದೆಯ ಪ್ರಿಂಟು ಕಾಣಿಸಿತು. ಮಸುಕಾಗಿತ್ತು, ಆದರೂ ಓದಬಹುದಾಗಿತ್ತು. ಎದುರುಮನೆಯವನಿಗೆ ತಮ್ಮನ ನಂಬರಿನಿಂದ ಹೋದ ಮೆಸೇಜು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಇನ್ನೊಂದ್ಸಲ ಗೇಟಿಗೆ ಗಾಡಿ ಅಡ್ಡ ಹಾಕಿದರೆ ಸ್ಟೀರಿಂಗ್ ಹಿಡಿಯೋ ಕೈ ಮುರಿದು ಕಳಿಸ್ತೀನಿ ಎಂದಿತ್ತು.

ಆ ಹಾಳೆಯ ಮೇಲೆ ಬೆರಳಿಟ್ಟೆ. "ಇದೇನು ಸಾರ್?"

"ಅದರ ಚಿಂತೆ ಬಿಡಿ," ಎಂದರು ವಕೀಲರು, ಕಡತ ಮುಚ್ಚುತ್ತ. ಮೊದಲ ಸಲ ಅವರ ಮುಖದಲ್ಲಿ ಸಣ್ಣ ನಗು ಕಂಡಿತು. "ಪೊಲೀಸ್ನೋರು ಯಾವುದೋ ಅಂಗಡೀಲಿ ಪ್ರಿಂಟ್ ಹೊಡೆಸಿ ಹಾಕಿದಾರೆ. ಸರ್ಟಿಫಿಕೇಟ್ ಇಲ್ಲ. ಎದುರುಮನೆಯವನ ಫೋನಾದ್ರೂ ತಂದಿದ್ರೆ ನಮಗೆ ಕಷ್ಟ ಆಗ್ತಿತ್ತು. ಅದು ನೀರಿಗೆ ಬಿದ್ದು ಕೆಟ್ಟು ಹೋಯ್ತಂತೆ, ಎಸೆದುಬಿಟ್ಟಿದಾನೆ. ಆ ಪ್ರಿಂಟನ್ನ ಸಾಕ್ಷ್ಯ ಅಂತ ಗುರುತು ಮಾಡೋವಾಗಲೇ ಆಕ್ಷೇಪಣೆ ಎತ್ತಿದೆ. ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ ಅದನ್ನ. ಕಾನೂನಿನ ಕಣ್ಣಿಗೆ ಆ ಕಾಗದ ಇಲ್ಲವೇ ಇಲ್ಲ."

"ಆದ್ರೆ ಕಳಿಸಿದ್ದು ಅವನೇ ತಾನೇ?"

"ಅದನ್ನ ನಾನು ಅವರನ್ನ ಕೇಳಿಲ್ಲ. ನೀವೂ ಕೇಳ್ಬೇಡಿ."

ಕಾನೂನಿನ ಕಣ್ಣು ಮುಚ್ಚಬಹುದು. ನಾನು ಓದಿಬಿಟ್ಟಿದ್ದೆ. ಸರ್ಟಿಫಿಕೇಟಿಲ್ಲ ಎಂಬ ಕಾರಣಕ್ಕೆ ನಾನು ಹೊಡೆದುಹಾಕಿದ ಅಂಕಿಗಳೂ ಒಂದೊಂದು ಸಲ ನಿಜವೇ ಆಗಿದ್ದಿರಬೇಕು ಎಂದು ಆವತ್ತು ಮೊದಲ ಬಾರಿಗೆ ಹೊಳೆಯಿತು. ಬೈಕಿನ ಹಿಂದೆ ಕೂತು ಮನೆಗೆ ಬರುವಾಗ ತಮ್ಮನ ಬೆನ್ನನ್ನೇ ನೋಡುತ್ತಿದ್ದೆ. ಕತ್ತಿನ ಹಿಂದಿನ ಕೂದಲು ನೆರೆತಿತ್ತು. ಅವನನ್ನು ಕೇಳಲಿಲ್ಲ.

ನಾವು ಆಫೀಸಿನಿಂದ ಹೊರಡುವ ಮುಂಚೆ ವಕೀಲರು ಇನ್ನೊಂದು ಮಾತು ಹೇಳಿಕೊಟ್ಟಿದ್ದರು. "ತಮ್ಮನ ಜೊತೆ ಮಾತಾಡಿದ್ದು ನಿಜ ತಾನೇ? ಅಷ್ಟು ಹೇಳಿ ಸಾಕು. ಉದ್ದ ಹೇಳ್ಬೇಡಿ."

"ಅಮ್ಮನ ಜೊತೆಗೂ ಮಾತಾಡಿದೆ."

"ಕೇಳಿದ್ರೆ ತಾನೇ ಆ ಮಾತು?"

ಕೋರ್ಟು ಹಾಲು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಮೇಲೆ ಫ್ಯಾನು ಕಿರಗುಡುತ್ತಿತ್ತು. ಮ್ಯಾಜಿಸ್ಟ್ರೇಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನಗಿಂತ ಮೊದಲು ಸಿಮ್ ಕಂಪನಿಯ ನೋಡಲ್ ಅಧಿಕಾರಿಯ ಸಾಕ್ಷಿ. ಕೋರ್ಟು, ಪೊಲೀಸರು ದಾಖಲೆ ಕೇಳಿದಾಗ ಕೊಡುವುದೇ ಆತನ ಕೆಲಸ. ಬೆಂಗಳೂರಿನಿಂದ ಬಂದಿದ್ದ ಆತ ಸರಸರನೆ ಹೇಳಿ ಮುಗಿಸಿದ. ಕಾಲ್ ರೆಕಾರ್ಡು ನಿ.ಡಿ.1, ಅಂದರೆ ಆರೋಪಿ ಕಡೆಯ ನಿಶಾನೆ ಒಂದು, ಅದರ ಸರ್ಟಿಫಿಕೇಟು ನಿ.ಡಿ.2 ಎಂದು ಗುರುತಾದವು. ಯಾರೂ ಚಕಾರವೆತ್ತಲಿಲ್ಲ. ಆತನ ಸಹಿಗಿದ್ದ ಬೆಲೆ ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ನನ್ನದು ಬಂತು. ಪ್ರಮಾಣ ಮಾಡಿದೆ. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಹೇಳಿದೆ. ನನ್ನ ಪುಟವನ್ನು ಕೊಟ್ಟ ಕೂಡಲೇ ಸರ್ಕಾರಿ ವಕೀಲರು ಎದ್ದರು. ಇದು ವಿದೇಶಿ ಕಂಪನಿಯ ದಾಖಲೆ, ಸಾಕ್ಷಿಯ ಸರ್ಟಿಫಿಕೇಟು ಆಕೆಯ ಲ್ಯಾಪ್‌ಟಾಪಿಗೆ ಮಾತ್ರ ಎಂದರು. ನಮ್ಮವರು ಸುಪ್ರೀಂ ಕೋರ್ಟಿನ ತೀರ್ಪು ಮುಂದಿಟ್ಟರು. ಮ್ಯಾಜಿಸ್ಟ್ರೇಟರು ಕೊಂಚ ಓದಿ, ಆಕ್ಷೇಪಣೆಗೆ ಒಳಪಟ್ಟು ಗುರುತಿಸಿ ಎಂದರು. ನನ್ನ ಪುಟ ನಿ.ಡಿ.3, ನನ್ನ ಸರ್ಟಿಫಿಕೇಟು ನಿ.ಡಿ.4. ಮೂರು ವರ್ಷ ಒದ್ದಾಡಿದ ಆ ಕಾಗದದ ಮೇಲೆ ಮೊಹರು ಬೀಳುವುದನ್ನು ನೋಡಿ ನನಗೆ ಗೆದ್ದಷ್ಟೇ ಸಂತೋಷವಾಯಿತು.

ಸರ್ಕಾರಿ ವಕೀಲರು ಪಾಟೀಸವಾಲಿಗೆ ನಿಂತರು. ಗಡಸು ಮನುಷ್ಯನಲ್ಲ, ನಗುನಗುತ್ತಲೇ ಕೇಳುತ್ತಿದ್ದರು.

"ನಿಮ್ಮ ಪುಟದಲ್ಲಿ ಬೆಳಿಗ್ಗೆ ಹತ್ತೂ ಹತ್ತು ಅಂತಿದೆ. ಘಟನೆ ಆಗಿದ್ದು ರಾತ್ರಿ ಅಲ್ವಾ ಮೇಡಂ?"

"ಅದು ಅಲ್ಲಿನ ಟೈಮು ಸಾರ್. ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಇಲ್ಲಿ ಎಂಟೂ ನಲವತ್ತು. ನಿ.ಡಿ.1ರಲ್ಲೂ ಅದೇ ಇದೆ, ನಿಮಿಷ ಕೂಡ ಹೊಂದತ್ತೆ."

"ಸರಿ, ಒಪ್ಪಿದೆ. ನಿ.ಡಿ.1ರಲ್ಲಿ ಕಾಲ್ ಬಂದಿರೋ ನಂಬರು ನಿಮ್ಮದಾ?"

"ಅಲ್ಲ."

"ಯಾರದು?"

"ಗೊತ್ತಿಲ್ಲ. ಆ ಸೇವೆಯಲ್ಲಿ ಹಾಗೇ ಬರತ್ತೆ."

ಮ್ಯಾಜಿಸ್ಟ್ರೇಟರು ಬೆರಳಚ್ಚಿನವರ ಕಡೆ ತಿರುಗಿ ಹೇಳಿ ಬರೆಸಿದರು. "ನಿ.ಡಿ.1ರಲ್ಲಿರುವ ಸಂಖ್ಯೆ ನನ್ನದಲ್ಲ ಎಂದರೆ ಸರಿ." ನಮ್ಮ ಕೋರ್ಟುಗಳಲ್ಲಿ ಸಾಕ್ಷಿಯ ಮಾತು ಹೀಗೆ ಬದಲಾಗಿ ಕಾಗದಕ್ಕೆ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಷ್ಟೇ ವಿವರಿಸಿದರೂ ಉಳಿಯುವುದು ಸರಿ ಅಥವಾ ಸರಿಯಲ್ಲ.

"ಹೋಗಲಿ, ನೀವೇ ಮಾಡಿದ್ದು ಅಂತಾನೇ ಇಟ್ಕೊಳ್ಳೋಣ," ಎಂದರು ಸರ್ಕಾರಿ ವಕೀಲರು ಧಾರಾಳವಾಗಿ. "ಫೋನು ಯಾರದು?"

"ನಮ್ಮ ತಾಯಿಯವರದು."

"ಎತ್ತಿದ್ದು ಯಾರು?"

"ಅಮ್ಮ."

"ಆಮೇಲೆ?"

ಕೇಳಿದರೆ ತಾನೇ ಎಂದಿದ್ದರು ನಮ್ಮ ವಕೀಲರು. ಇವರು ಕೇಳಿಯೇ ಬಿಟ್ಟರು. ನಮ್ಮ ಮನೆಯ ಫೋನು ಯಾವತ್ತೂ ಒಬ್ಬರ ಕೈಯಲ್ಲಿ ನಿಂತದ್ದಲ್ಲ. ಅಮ್ಮ ಎತ್ತುವಳು, ಇರು ಇವನಿಗೆ ಕೊಡ್ತೀನಿ ಎನ್ನುವಳು, ಅವನು ನಾಲ್ಕು ಮಾತಾಡಿ ಅಮ್ಮನಿಗೆ ವಾಪಸ್ಸು ಕೊಡುವನು, ಪಕ್ಕದ ಮನೆಯ ಆಂಟಿ ಬಂದಿದ್ದರೆ ಅವರಿಗೂ ಒಂದು ಸಲ ಸಿಗುತ್ತಿತ್ತು. ಕಡಲಾಚೆಯಿಂದ ಬಂದ ಕರೆಯೆಂದರೆ ತೀರ್ಥವಿದ್ದ ಹಾಗೆ, ಎಲ್ಲರ ಕೈಗೂ ಬೀಳಬೇಕು.

"ಅಮ್ಮ ಮಾತಾಡಿದ್ರು. ಆಮೇಲೆ ತಮ್ಮ ಮಾತಾಡಿದ. ಅಮ್ಮನ ಕಾಲು ಊದಿಕೊಂಡಿತ್ತು, ಆ ವಿಷಯ. ಆಮೇಲೆ ಮತ್ತೆ ಅಮ್ಮ."

"ಕೊನೇ ತನಕ ಅಮ್ಮ?"

ತಮ್ಮ ಆರೋಪಿಯ ಜಾಗದಲ್ಲಿ ಕೈ ಕಟ್ಟಿ ನಿಂತಿದ್ದ. ಅವನು ನನ್ನನ್ನು ನೋಡುತ್ತಿದ್ದ. ನಮ್ಮ ವಕೀಲರು ತಮ್ಮ ಕಾಗದ ನೋಡುತ್ತಿದ್ದರು. ಇಲ್ಲ, ಕೊನೆಗೆ ಮತ್ತೆ ತಮ್ಮ ಬಂದ ಎಂದು ಹೇಳಬಹುದಿತ್ತು. ಹೇಳಿದ್ದರೆ ಅದನ್ನು ಸುಳ್ಳೆನ್ನಲು ಭೂಮಿಯ ಮೇಲೆ ಯಾರೂ ಇರಲಿಲ್ಲ. ಆದರೆ ನನಗೆ ನೆನಪಿದ್ದದ್ದು, ಅವನಿಗೆ ಬೈ ಹೇಳ್ತೀನಿ ಕೊಡು ಎಂದಾಗ ಅಮ್ಮ, "ಎಲ್ಲಿದಾನೋ ಕಾಣೆ, ನಾನೇ ಹೇಳ್ತೀನಿ ಬಿಡು," ಎಂದದ್ದು. ಅವನು ಬಚ್ಚಲಲ್ಲಿದ್ದನೋ, ರೂಮಿನಲ್ಲಿದ್ದನೋ, ಬೀದಿಯಲ್ಲಿದ್ದನೋ. ಕಾಲು ನೋಯುವ ಅಮ್ಮ ಎದ್ದು ಹುಡುಕಲಿಲ್ಲ, ನಾನು ಒತ್ತಾಯಿಸಲಿಲ್ಲ.

"ಹೌದು. ಕೊನೇ ತನಕ ಅಮ್ಮ."

"ಎಷ್ಟು ನಿಮಿಷ?"

"ಸರಿಯಾಗಿ ಹೇಳಕ್ಕಾಗಲ್ಲ. ಅರ್ಧಕ್ಕಿಂತ ಹೆಚ್ಚು."

"ಫೋನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ್ರೆ ಈ ಕಂಪನಿ ದಾಖಲೇಲಿ ಗೊತ್ತಾಗತ್ತಾ ಮೇಡಂ?"

"ಇಲ್ಲ. ಆದ್ರೆ ನನ್ನ ತಮ್ಮ ಮನೇಲೇ..."

"ಕೇಳಿದ್ದಕ್ಕಷ್ಟೇ ಹೇಳಿಮ್ಮ," ಎಂದರು ಮ್ಯಾಜಿಸ್ಟ್ರೇಟರು. ಗದರಿಸಲಿಲ್ಲ, ಮೆಲ್ಲಗೇ ಹೇಳಿದರು. ಮತ್ತೆ ಬೆರಳಚ್ಚಿನವರ ಕಡೆ ತಿರುಗಿದರು. "ಕರೆಯ ಸಮಯದಲ್ಲಿ ಫೋನು ಯಾರ ಕೈಯಲ್ಲಿತ್ತು ಎಂಬುದು ನಿ.ಡಿ.1ರಿಂದಾಗಲೀ ನಿ.ಡಿ.3ರಿಂದಾಗಲೀ ತಿಳಿಯುವುದಿಲ್ಲ ಎಂದರೆ ಸರಿ."

ನಾನು ಆ ಹಾಳೆಗೆ ಸಹಿ ಹಾಕಿ ಇಳಿದೆ. ಮೂರು ವರ್ಷ ನಾನು ಯಂತ್ರದ ಹಿಂದೆ ಬಿದ್ದಿದ್ದೆ. ಯಂತ್ರ ಸರಿಯಾಗಿತ್ತು, ಸಹಿ ಸರಿಯಾಗಿತ್ತು, ನಿಮಿಷಕ್ಕೆ ನಿಮಿಷ ಹೊಂದಿತ್ತು. ಯಂತ್ರಕ್ಕೆ ಗೊತ್ತಿಲ್ಲದ್ದು ನನಗೂ ಗೊತ್ತಿರಲಿಲ್ಲ.

ಹೊರಗೆ ಹೊಂಗೆಯ ಮರದ ಕೆಳಗೆ ತಮ್ಮ ಬೈಕಿನ ಕೀಲಿ ಹಿಡಿದು ನಿಂತಿದ್ದ.

"ಅಷ್ಟೊತ್ತೂ ನನ್ನ ಜೊತೇನೇ ಮಾತಾಡಿದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಕ್ಕ?"

"ಪ್ರಮಾಣ ಮಾಡಿದ್ನಲ್ಲೋ."

"ಹೂಂ. ನಿನ್ನ ಪ್ರಮಾಣ ನಿನಗೆ. ಹತ್ತು, ಬಿಸಿಲು ಜಾಸ್ತಿ ಆಗತ್ತೆ."

ಆಮೇಲೆ ಎರಡು ದಿನ ಅವನು ನನ್ನ ಜೊತೆ ಮಾತಾಡಿದ್ದು ಊಟ ಬಡಿಸಲಾ, ಟ್ಯಾಕ್ಸಿ ಹೇಳಲಾ ಅಷ್ಟೇ. ನನಗೂ ಕೋಪ ಬಂದಿತ್ತು. ಸಾವಿರಾರು ಮೈಲಿ ಹಾರಿ ಬಂದವಳಿಗೆ ಇಷ್ಟೇನಾ ಎಂದು. ಆ ಕೋಪದ ಅಡಿಯಲ್ಲಿ ಇನ್ನೇನೋ ಇತ್ತು, ಅದನ್ನು ಮುಟ್ಟಲು ಹೆದರಿದೆ. ಆ ಮೆಸೇಜಿನ ಮಾತುಗಳು ನಾನು ತಟ್ಟೆಯ ಮುಂದೆ ಕೂತಾಗಲೆಲ್ಲ ನೆನಪಾಗುತ್ತಿದ್ದವು. ಅವನು ಅನ್ನ ಬಡಿಸುವಾಗ ಅವನ ಕೈಯನ್ನು ನೋಡುತ್ತಿದ್ದೆ, ನೋಡಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ತೀರ್ಪು ಬಂದದ್ದು ಮರುವರ್ಷ. ವಕೀಲರು ಹಾಳೆಗಳ ಫೋಟೋ ತೆಗೆದು ಕಳಿಸಿದರು. ಲ್ಯಾಬಿನ ಪಾರ್ಕಿಂಗಿನಲ್ಲಿ ಕಾರಿನೊಳಗೇ ಕೂತು ಓದಿದೆ. ನಿ.ಡಿ.1ರಿಂದ 4ರವರೆಗಿನ ದಾಖಲೆಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗಿದೆ, ಪ್ರಮಾಣಪತ್ರಗಳು ಕ್ರಮಬದ್ಧವಾಗಿವೆ ಎಂದಿತ್ತು. ಆ ಹೊತ್ತಿನಲ್ಲಿ ಆರೋಪಿಯ ತಾಯಿಯ ಫೋನಿಗೆ ಕರೆ ಬಂದಿತ್ತೆಂಬುದು ರುಜುವಾತಾಗಿದೆ, ಆದರೆ ಆರೋಪಿ ಬೇರೆ ಕಡೆ ಇದ್ದನೆಂಬುದನ್ನು ಅದು ರುಜುವಾತು ಮಾಡುವುದಿಲ್ಲ, ಆತನ ಸ್ವಂತ ಅಕ್ಕನೇ ಕರೆಯ ಬಹುಪಾಲು ತಾಯಿಯೊಂದಿಗೆ ಎಂದು ನುಡಿದಿದ್ದಾರೆ. ಗಾಯಾಳು ಮತ್ತು ಆತನ ಹೆಂಡತಿಯ ಸಾಕ್ಷ್ಯ, ವೈದ್ಯರ ಸಾಕ್ಷ್ಯ ನಂಬಲರ್ಹವಾಗಿದೆ. ಮೆಸೇಜಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅದಿಲ್ಲದೆಯೇ ಅವನು ತಪ್ಪಿತಸ್ಥನಾಗಿದ್ದ.

ಅಪೀಲು ಹಾಕಿದ್ದರಿಂದ ಶಿಕ್ಷೆಗೆ ತಡೆ ಸಿಕ್ಕಿತು, ಜೈಲಿಗೆ ಹೋಗಲಿಲ್ಲ. ಆದರೆ ತಡೆ ಸಿಕ್ಕಿದ್ದು ಶಿಕ್ಷೆಗೆ ಮಾತ್ರ. ಅಪರಾಧಿ ಎಂಬ ತೀರ್ಪು ಇದ್ದಲ್ಲೇ ಇದೆ ಎಂದು ಇಲಾಖೆ ಅವನನ್ನು ಕೆಲಸದಿಂದ ತೆಗೆಯಿತು. ಆ ಸುದ್ದಿ ತಿಳಿದ ಮೇಲೆ ನಾನು ಅವನಿಗೆ ಫೋನ್ ಮಾಡಿದೆ. ಈಗ ಮುಖ ನೋಡಿಕೊಂಡೇ ಮಾತಾಡಬಹುದು, ಯಾರದೋ ನಂಬರಿನ ಗೋಜಿಲ್ಲ. ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬೀನ್ಸ್ ಸೋಸುತ್ತಿದ್ದ. ಸ್ವಲ್ಪ ಇಳಿದುಹೋಗಿದ್ದ. ಮಕ್ಕಳ ಓದು, ಟ್ಯೂಷನ್ ಶುರು ಮಾಡುವ ವಿಷಯ ಮಾತಾಡಿದೆವು. ಕೇಳಬಾರದು ಎಂದುಕೊಂಡೇ ಫೋನ್ ಮಾಡಿದ್ದೆ. ತಡೆಯಲಾಗಲಿಲ್ಲ.

"ಒಂದ್ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡ. ಆವತ್ತು ಅಮ್ಮನಿಗೆ ಫೋನ್ ಕೊಟ್ಮೇಲೆ ನೀನು ಎಲ್ಲಿ ಹೋದೆ?"

ಅವನು ಕೈಯಲ್ಲಿದ್ದ ಬೀನ್ಸನ್ನು ಮೊರಕ್ಕೆ ಹಾಕಿ ಪರದೆಯನ್ನು ನೋಡಿದ.

"ನೀನೂ ಕೇಳಿದ್ಯಲ್ಲ ಅಕ್ಕ," ಎಂದು ಫೋನಿಟ್ಟ.

ಅದು ಹೋಗಿರಲಿಲ್ಲ ಎಂಬ ಉತ್ತರವೋ ಹೋಗಿದ್ದೆ ಎಂಬುದೋ ನನಗೆ ಇವತ್ತಿಗೂ ತಿಳಿದಿಲ್ಲ. ಎರಡನೇ ಸಲ ಕೇಳುವ ಧೈರ್ಯ ಬಂದಿಲ್ಲ.